ಹತ್ತು ತುಂಬಿದ ಮಗುವಿನ ಅಂಗವಿಕಲತೆ ಪ್ರಮಾಣಪತ್ರ: ನವೀಕರಣಕ್ಕೆ ಅರ್ಜಿ ಹೇಗೆ?

ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಪ್ರಮಾಣಪತ್ರ 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಣವಾಗಬೇಕು. 18ಕ್ಕೆ ಕೊಟ್ಟದ್ದು ಜೀವನಪರ್ಯಂತ ನಡೆಯುತ್ತದೆ. ನಡುವಿನ ಹತ್ತನೇ ವರ್ಷದ್ದು ಮಾತ್ರ ಬಹಳ ಮನೆಗಳಲ್ಲಿ ಮರೆತುಹೋಗುತ್ತದೆ. ಮಾಸಾಶನ ನಿಂತ ಮೇಲೆ ಹಳೆಯ ಪ್ರಮಾಣಪತ್ರ ತೆಗೆದು ನೋಡುತ್ತಾರೆ, ಅವಧಿ ಮುಗಿದಿರುತ್ತದೆ. ಅದರ ಮೇಲಿನ ದಿನಾಂಕ ನೋಡಿಕೊಂಡು ಮೂರು ತಿಂಗಳು ಮೊದಲೇ ಓಡಾಟ ಶುರು ಮಾಡುವುದು ಒಳ್ಳೆಯದು.

ಮೊದಲು ತಿಳಿಯಬೇಕಾದ್ದು: ಹಾಸನದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿ ಅಂಗವೈಕಲ್ಯದ ಶೇಕಡಾವಾರು ನಿರ್ಧರಿಸುವುದಿಲ್ಲ. ಅದು ವೈದ್ಯಕೀಯ ಪ್ರಾಧಿಕಾರದ, ಅಂದರೆ ಸರ್ಕಾರಿ ಆಸ್ಪತ್ರೆಯ ತಜ್ಞರ ಕೆಲಸ. ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ವಿಚಾರಿಸಲು, ದಾಖಲೆಯ ತಪ್ಪು ಸರಿಪಡಿಸಿಕೊಳ್ಳಲು ಕಚೇರಿಗೆ ಹೋಗಬೇಕು. ಹಳ್ಳಿಯವರು ಅಲ್ಲಿಯವರೆಗೆ ಹೋಗುವ ಮೊದಲು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಅರ್ಜಿಯನ್ನು swavlambancard.gov.in ಜಾಲತಾಣದಲ್ಲಿ ಹಾಕಬೇಕು. ಹೊಸದಾಗಿ ನೋಂದಾಯಿಸಬೇಡಿ, ಮಗುವಿನ ಅಂಗವಿಕಲತೆ ಗುರುತಿನ ಚೀಟಿಯಲ್ಲಿರುವ ಹಳೆಯ ಯುಡಿಐಡಿ ಸಂಖ್ಯೆಯಿಂದಲೇ ಲಾಗಿನ್ ಆಗಿ ನವೀಕರಣ ಆಯ್ದುಕೊಳ್ಳಿ. ಒಂದೇ ಮಗುವಿಗೆ ಎರಡು ನೋಂದಣಿಯಾದರೆ ಎರಡೂ ತಡೆಯಲ್ಲಿ ಬೀಳಬಹುದು. ಹಿಂದೆ ಕೊಟ್ಟ ಮೊಬೈಲ್ ನಂಬರ್ ಈಗ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ. ಅದನ್ನು ಮೊದಲು ಬದಲಿಸಿಕೊಳ್ಳಿ.

ಜೊತೆಗೆ ಕಚೇರಿಗೆ ಕೊಡುವ ಮನವಿ ಅರ್ಧ ಪುಟ ಇದ್ದರೆ ಸಾಕು. ‘ಬಡವರು, ದಯಮಾಡಿ’ ಎಂಬ ಮಾತಿಗಿಂತ ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದಕ್ಕೆ ಬೆಲೆ ಹೆಚ್ಚು. ಹೀಗೆ ಬರೆಯಬಹುದು:

‘ನನ್ನ ಮಗನಿಗೆ 10 ವರ್ಷ ತುಂಬುತ್ತಿದ್ದು, ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರದ ಅವಧಿ ಮುಗಿಯುತ್ತಿದೆ. ಅವನು ತಾನೇ ಊಟ ಮಾಡುತ್ತಾನೆ. ಅಂಗಿಯ ಗುಂಡಿ ಹಾಕಲು, ಸ್ನಾನಕ್ಕೆ ಸಹಾಯ ಬೇಕು. ಒಬ್ಬನೇ ರಸ್ತೆ ದಾಟುವುದಿಲ್ಲ, ಹಣದ ಲೆಕ್ಕ ತಿಳಿಯುವುದಿಲ್ಲ. ಫಿಟ್ಸ್‌ಗೆ ಔಷಧ ನಡೆಯುತ್ತಿದೆ. ಮರುಮೌಲ್ಯಮಾಪನಕ್ಕೆ ದಿನ ನಿಗದಿಪಡಿಸಿ, ಪ್ರಮಾಣಪತ್ರ ನವೀಕರಿಸಲು ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ. ಲಗತ್ತುಗಳ ಪಟ್ಟಿ ಕೆಳಗಿದೆ.’

ಲಗತ್ತಿಗೆ ಹಳೆಯ ಪ್ರಮಾಣಪತ್ರ, ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಫೋಟೊ, ಹಿಂದಿನ ಮನೋವೈಜ್ಞಾನಿಕ ಪರೀಕ್ಷೆಯ ವರದಿ, ಈಗಿನ ಔಷಧ ಚೀಟಿ ಬೇಕು. ಫಿಟ್ಸ್ ಇದ್ದರೆ ಇಇಜಿ ವರದಿಯನ್ನೂ ಇಡಿ. ಹಲವರು ಬಿಟ್ಟುಬಿಡುವುದು ಕಿವಿ ಪರೀಕ್ಷೆಯ ವರದಿ. ಕೇಳಿಸದ ಮಗು ಹೇಳಿದ್ದನ್ನು ಮಾಡುವುದಿಲ್ಲ, ಪರೀಕ್ಷೆಯಲ್ಲಿ ಬುದ್ಧಿ ಕಡಿಮೆಯಿದ್ದಂತೆ ಕಾಣುತ್ತದೆ. ಹಾಗಾಗಿ ತಜ್ಞರು ಅದನ್ನೇ ಮೊದಲು ಕೇಳಿ, ಇಲ್ಲವೆಂದರೆ ಇನ್ನೊಂದು ದಿನ ಬರಹೇಳಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ನಿಮ್ಹಾನ್ಸ್‌ನಲ್ಲೋ ಹಿಂದೆ ತೋರಿಸಿದ್ದರೆ ಅಲ್ಲಿಯ ಕಾಗದವೂ ಇರಲಿ. ಮೂಲ ಪ್ರತಿಗಳನ್ನು ಕೊಡಬೇಡಿ, ತೋರಿಸಿ ವಾಪಸ್ ತನ್ನಿ.

ಶೇಕಡಾವಾರು ಹೇಗೆ ಬರುತ್ತದೆ? ಕ್ಲಿನಿಕಲ್ ಸೈಕಾಲಜಿಸ್ಟ್ ಮನೆಯವರನ್ನು ಪ್ರಶ್ನಿಸಿ ಮಗುವಿನ ‘ಸಾಮಾಜಿಕ ವಯಸ್ಸು’ ಗುರುತಿಸುತ್ತಾರೆ. ಅದನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಅಂಕ ಸಿಗುತ್ತದೆ. 55ರಿಂದ 69 ಬಂದರೆ ಶೇ 50, 36ರಿಂದ 54 ಬಂದರೆ ಶೇ 75 ಅಂಗವೈಕಲ್ಯ. ಮಗುವಿನ ಸಾಮಾಜಿಕ ವಯಸ್ಸು 66 ತಿಂಗಳು ಎಂದಿಟ್ಟುಕೊಳ್ಳಿ. ಆಧಾರ್ ಪ್ರಕಾರ ವಯಸ್ಸು ಸರಿಯಾಗಿ 10 ವರ್ಷ, ಅಂದರೆ 120 ತಿಂಗಳಾದರೆ ಅಂಕ 55, ಶೇ 50. ಜನನ ಪ್ರಮಾಣಪತ್ರದ ಪ್ರಕಾರ ಆರು ತಿಂಗಳು ದೊಡ್ಡವನಾಗಿದ್ದರೆ 126 ತಿಂಗಳು, ಅಂಕ 52, ಶೇ 75. ಹುಟ್ಟಿದ ದಿನಾಂಕದ ಒಂದು ತಪ್ಪಿನಿಂದ ಇಷ್ಟು ಅಂತರ ಬರುತ್ತದೆ. ಎರಡೂ ದಾಖಲೆಯಲ್ಲಿ ಒಂದೇ ದಿನಾಂಕ ಇರುವಂತೆ ಮೊದಲೇ ನೋಡಿಕೊಳ್ಳಿ.

ಪ್ರಶ್ನೆಗೆ ಉತ್ತರಿಸುವವರು ಮಗುವಿನ ಜೊತೆ ದಿನವೂ ಇರುವವರಾಗಿರಬೇಕು. ತೋಟದ ಕೆಲಸಕ್ಕೆ ಬೆಳಗ್ಗೆ ಹೋಗಿ ರಾತ್ರಿ ಬರುವ ಅಪ್ಪನಿಗಿಂತ, ಮನೆಯಲ್ಲಿ ನೋಡಿಕೊಳ್ಳುವ ಅಜ್ಜಿಗೆ ಹೆಚ್ಚು ಗೊತ್ತಿರಬಹುದು. ಶೇಕಡಾವಾರು ಹೆಚ್ಚಲಿ ಎಂದು ‘ಏನೂ ಬರುವುದಿಲ್ಲ’ ಎನ್ನಬೇಡಿ. ಮಗು ಎದುರಿಗೇ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಉಳಿದ ಉತ್ತರಗಳನ್ನೂ ನಂಬುವುದಿಲ್ಲ. ಹಿಂದಿನ ದಿನ ಫಿಟ್ಸ್ ಬಂದು ಮಂಕಾಗಿದ್ದರೆ ಹೇಳಿ ಮುಂದೂಡಿಸಿಕೊಳ್ಳಿ. ಪರೀಕ್ಷೆಯ ದಿನವೆಂದು ಔಷಧ ಮಾತ್ರ ತಪ್ಪಿಸಬೇಡಿ.

ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂನಡಿ ಮೇಲ್ಮನವಿ ಹಾಕಲು ಆ ಕಾಗದವೇ ಆಧಾರ. ಹೊಸ ಪ್ರಮಾಣಪತ್ರ ಬಂದ ಕೂಡಲೇ ಒಂದು ಪ್ರತಿಯನ್ನು ನಾಡಕಚೇರಿಗೆ ಮುಟ್ಟಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಜಾಲತಾಣದಲ್ಲಿ ನವೀಕರಣವಾದ ಮಾತ್ರಕ್ಕೆ ಮಾಸಾಶನದ ಕಡತವೂ ತಾನಾಗಿಯೇ ಬದಲಾಯಿತೆಂದು ಕಾಯುತ್ತ ಕೂರಬೇಡಿ.