ಬಿಳಿಗೆ ಒಂದು ಬಟ್ಟಲು, ಕಪ್ಪಿಗೆ ಇನ್ನೊಂದು

ಅಕ್ಕನ ಕೂದಲಿಗೆ ನಾನು ಮೊದಲ ಸಲ ಬಣ್ಣ ಹಾಕಿದಾಗ ಈ ಕೆಲಸ ಕಲಿತು ಹೆಚ್ಚು ದಿನ ಆಗಿರಲಿಲ್ಲ. ಅವಳ ಕೂದಲು ಹುಟ್ಟಿನಿಂದ ಗಾಢ ಕಂದು. ಆಗ ಕಣತಲೆ ಮತ್ತು ಹಣೆಯಂಚಿನಲ್ಲಿ ಮುಕ್ಕಾಲು ಪಾಲು ಬೆಳ್ಳಗಾಗಿತ್ತು. ನೆತ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಬಿಳಿ. ಹಿಂದೆ ಕುತ್ತಿಗೆಯ ಮೇಲೆ ಹುಡುಕಿದರೆ ಮಾತ್ರ ಒಂದೆರಡು ಎಳೆ ಸಿಗುತ್ತಿತ್ತು. ಅವಳಿಗೆ ಹೊಂಬಣ್ಣದ ಕಂದು ಬೇಕಿತ್ತು. 6.3 ಅನ್ನುವ ಶೇಡ್ ತೆಗೆದುಕೊಂಡೆ. ಕಪ್ಪು ಎಳೆಗಳಲ್ಲೂ ಬಣ್ಣ ಕಾಣಲಿ ಎಂದು, ಬಣ್ಣವನ್ನು ಬೆಳೆಸುವ ಡೆವಲಪರ್ ದ್ರವವನ್ನು 9% ಬಲದ್ದು ತೆಗೆದುಕೊಂಡು ಬೆರೆಸಿ, ಇಡೀ ತಲೆಗೆ ಒಂದೇ ಮಿಶ್ರಣ ಹಚ್ಚಿದೆ.

ತೊಳೆದು ಒಣಗಿಸಿ ನೋಡಿದರೆ ಒಂದೇ ತಲೆಯಲ್ಲಿ ಮೂರು ಬಣ್ಣ. ಕಣತಲೆಯಲ್ಲಿ ಎಳೆಗಳು ಹಳದಿ ಗಾಜಿನ ಹಾಗೆ ಹೊಳೆಯುತ್ತಿದ್ದವು. ನೆತ್ತಿಯಲ್ಲಿ ಬುಡದ ಹತ್ತಿರ ಕೆಂಪು. ಹಿಂದೆ ಬಣ್ಣ ಹಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಅಕ್ಕ ಕನ್ನಡಿ ನೋಡಿ, "ಕಿವಿ ಹತ್ತಿರ ದೀಪ ಹಚ್ಚಿದ ಹಾಗಿದೆ ಕಣೇ" ಅಂದಳು. ಅವಳು ಹೇಳಿದ್ದು ನಿಜ. ಏನು ತಪ್ಪಾಯಿತು ಎಂದು ತಿಳಿದುಕೊಳ್ಳದೆ ಮತ್ತೆ ಅವಳ ತಲೆ ಮುಟ್ಟಬಾರದು ಅನ್ನಿಸಿತು.

ಕರಿ-ಬಿಳಿ ಬೆರೆತ ಕೂದಲನ್ನು ನಾವು ಬೂದು ಕೂದಲು ಅಂತೀವಿ. ಹತ್ತಿರದಿಂದ ನೋಡಿದರೆ ಅಲ್ಲಿ ಬೂದು ಎಳೆ ಇರುವುದು ತೀರಾ ಕಡಿಮೆ. ಪೂರ್ತಿ ಬಣ್ಣವಿರುವ ಎಳೆ, ಬಣ್ಣವೇ ಇಲ್ಲದ ಎಳೆ ಪಕ್ಕಪಕ್ಕ ಇರುತ್ತವೆ. ದೂರದಿಂದ ಎರಡೂ ಸೇರಿ ಬೂದಾಗಿ ಕಾಣುತ್ತವೆ, ಅಷ್ಟೆ. ಆದ್ದರಿಂದ ಒಂದು ತಲೆಗೆ ಬಣ್ಣ ಹಾಕುವಾಗ ನಿಜವಾಗಿ ನಾವು ಎರಡು ಬಗೆಯ ಕೂದಲಿಗೆ ಬಣ್ಣ ಹಾಕುತ್ತಿರುತ್ತೇವೆ.

ಪರ್ಮನೆಂಟ್ ಬಣ್ಣದಲ್ಲಿ ಡೆವಲಪರ್, ಅಂದರೆ ಹೈಡ್ರೋಜನ್ ಪೆರಾಕ್ಸೈಡ್, ಎರಡು ಕೆಲಸ ಮಾಡುತ್ತದೆ. ಕೂದಲಿನೊಳಗೆ ಮೊದಲೇ ಇರುವ ಬಣ್ಣವನ್ನು ಸ್ವಲ್ಪ ತಿಳಿ ಮಾಡುತ್ತದೆ. ಟ್ಯೂಬಿನಲ್ಲಿರುವ ಬಣ್ಣವಿಲ್ಲದ ಸಣ್ಣ ಕಣಗಳನ್ನು ಕೂದಲಿನೊಳಗೇ ಬಣ್ಣವಾಗಿ ಬೆಳೆಸುತ್ತದೆ. ಕಪ್ಪು ಎಳೆಯಲ್ಲಿ ಈ ಎರಡೂ ನಡೆಯುತ್ತವೆ. ಬಿಳಿ ಎಳೆಯಲ್ಲಿ ತಿಳಿಯಾಗಲು ಏನೂ ಇಲ್ಲ, ಹಾಗಾಗಿ ಎರಡನೆಯದು ಮಾತ್ರ. ಕಪ್ಪು ಕೂದಲು ತಿಳಿಯಾಗುವಾಗ ನೇರವಾಗಿ ಕಂದಾಗುವುದಿಲ್ಲ, ಒಳಗಿನ ಕೆಂಪು ಮೊದಲು ಹೊರಗೆ ಬರುತ್ತದೆ. ನಾನು 9% ಬಳಸಿ ಆ ಕೆಂಪನ್ನೇ ಎಬ್ಬಿಸಿದ್ದೆ. ತಲೆಯ ಚರ್ಮದ ಬಿಸಿಗೆ ಬುಡದ ಒಂದು ಸೆಂಟಿಮೀಟರ್ ಇನ್ನೂ ಬೇಗ ತಿಳಿಯಾಯಿತು. ಅದಕ್ಕೇ ನೆತ್ತಿಯ ಬುಡದಲ್ಲಿ ಕೆಂಪು ಜಾಸ್ತಿ ಕಂಡಿದ್ದು.

ಕಣತಲೆಯ ಹೊಳಪಿಗೆ ಕಾರಣ ಬೇರೆ. ಶೇಡ್ ಸಂಖ್ಯೆಯಲ್ಲಿ ಚುಕ್ಕೆಗೆ ಮೊದಲು ಬರುವ ಅಂಕಿ ಎಷ್ಟು ಗಾಢ ಎಂದು ಹೇಳುತ್ತದೆ. 1 ಅಂದರೆ ಕಪ್ಪು, ಅಂಕಿ ಏರಿದಂತೆ ತಿಳಿ. ಚುಕ್ಕೆಯ ನಂತರ ಬರುವುದು ಛಾಯೆ. ಹೆಚ್ಚಿನ ಕಂಪನಿಗಳಲ್ಲಿ 0 ಅಂದರೆ ನ್ಯಾಚುರಲ್, 1 ಬೂದಿ ಛಾಯೆ, 3 ಹೊಂಬಣ್ಣ. ಹೊಂಬಣ್ಣದ ಶೇಡ್‌ಗಳು ಕೂದಲಿನ ಸ್ವಂತ ಬಣ್ಣವನ್ನು ಅಡಿಪಾಯವಾಗಿ ನಂಬಿಕೊಂಡಿರುತ್ತವೆ. ಬಿಳಿ ಎಳೆಯಲ್ಲಿ ಆ ಅಡಿಪಾಯವೇ ಇಲ್ಲ. ಆಗ ಬರೀ ಹಳದಿ ಮಿಂಚುತ್ತದೆ. ನ್ಯಾಚುರಲ್ ಶೇಡ್‌ನಲ್ಲಿ ಎಲ್ಲ ಛಾಯೆಗಳೂ ಹದವಾಗಿ ಸೇರಿರುವುದರಿಂದ ಅದು ಬಿಳಿ ಎಳೆಗೆ ಕಳೆದುಹೋದ ಅಡಿಪಾಯವನ್ನು ಕಟ್ಟಿಕೊಡುತ್ತದೆ. ಬಿಳಿ ಅರ್ಧಕ್ಕಿಂತ ಹೆಚ್ಚಿದ್ದರೆ ಮಿಶ್ರಣದಲ್ಲೂ ನ್ಯಾಚುರಲ್ ಅರ್ಧಕ್ಕಿಂತ ಹೆಚ್ಚಿರಲೇಬೇಕು.

ಇನ್ನೊಂದು ಸಂಗತಿ ಕೈಗೆ ತಿಳಿಯುವಂಥದ್ದು. ಕೂದಲಿನ ಹೊರಪದರ ಹೆಂಚು ಜೋಡಿಸಿದ ಹಾಗೆ ಇರುತ್ತದೆ. ಕಣತಲೆಯ ಬಿಳಿ ಕೂದಲಿನಲ್ಲಿ ಈ ಹೆಂಚುಗಳು ಎಷ್ಟೋ ಸಲ ಬಹಳ ಬಿಗಿಯಾಗಿ ಕೂತಿರುತ್ತವೆ. ಎಳೆ ತಂತಿಯ ಹಾಗೆ ಬಿರುಸು, ಮೇಲೆ ಗಾಜಿನ ನುಣುಪು. ನೀರು ಚಿಮುಕಿಸಿದರೆ ಹನಿ ಕೂದಲಿಗೆ ಇಳಿಯದೆ ಮೇಲೇ ನಿಲ್ಲುತ್ತದೆ. ಅಂಥ ಕಡೆ ಬಣ್ಣವೂ ನಿಧಾನವಾಗಿಯೇ ಇಳಿಯುತ್ತದೆ.

ಐದು ವಾರ ಕಾದೆ. ಅಷ್ಟರಲ್ಲಿ ಬುಡದಲ್ಲಿ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹೊಸ ಕೂದಲು ಬಂದಿತ್ತು. ಈ ಸಲ ಅಕ್ಕನಿಗೆ ಮೊದಲೇ ಹೇಳಿದೆ, "6 ಬೇಡ. ನಿನ್ನ ಸ್ವಂತ ಬಣ್ಣ 4. ಅದಕ್ಕಿಂತ ಒಂದೇ ಮೆಟ್ಟಿಲು ತಿಳಿ ಮಾಡೋಣ, 5 ಸಾಕು." ಕಪ್ಪು ಎಳೆಯನ್ನು ಒಂದು ಮೆಟ್ಟಿಲು ಏರಿಸಲು 6% ಡೆವಲಪರ್ ಸಾಕಾಗುತ್ತದೆ. ಬಿಳಿ ಮುಚ್ಚಲಿಕ್ಕೂ ಅದೇ ಸರಿಯಾದ ಬಲ. 3% ಹಾಕಿದರೆ ಬಿರುಸು ಬಿಳಿಗೆ ಬಣ್ಣ ಪೂರ್ತಿ ಇಳಿಯುವುದಿಲ್ಲ. 9% ಹಾಕಿದರೆ ಕಪ್ಪು ಕೆಂಪಾಗಿ ಬಿಳಿಯಿಂದ ಇನ್ನೂ ದೂರ ಹೋಗುತ್ತದೆ.

ಎರಡು ದಿನ ಮೊದಲೇ ಕಿವಿಯ ಹಿಂದೆ ಬಣ್ಣ ಹಚ್ಚಿ ಅಲರ್ಜಿ ಪರೀಕ್ಷೆ ಮಾಡಿದೆ. ಹಿಂದಿನ ಸಲ ಏನೂ ಆಗಿಲ್ಲ ಎಂದು ಇದನ್ನು ಬಿಡಬಾರದು. ಈ ಬಣ್ಣಗಳ ಅಲರ್ಜಿ ಹಲವು ಸಲ ಬಳಸಿದ ಮೇಲೂ ಶುರುವಾಗಬಹುದು.

ಅದೇ ದಿನ ಕಣತಲೆಯ ಒಳಭಾಗದಿಂದ ಹತ್ತಿಪ್ಪತ್ತು ಎಳೆ, ನೆತ್ತಿಯಿಂದ ಅಷ್ಟೇ ಎಳೆ ಕತ್ತರಿಸಿಕೊಂಡು, ಒಂದು ತುದಿಗೆ ಟೇಪ್ ಹಾಕಿ, ಎರಡಕ್ಕೂ ಬರೀ 5.0 ಹಚ್ಚಿ ನೋಡಿದೆ. ನಾನು ಅತಿ ಹೆಚ್ಚು ಕಲಿತದ್ದು ಈ ಎರಡು ಜುಟ್ಟುಗಳಿಂದ. ಒಣಗಿಸಿ ಬಿಳಿ ಕಾಗದದ ಮೇಲೆ ಇಟ್ಟರೆ ನೆತ್ತಿಯದು ಬೆಚ್ಚಗಿನ ಕಂದು, ಸ್ವಲ್ಪ ಕೆಂಪಿನ ಕಡೆಗೆ. ಕಣತಲೆಯದು ಅಷ್ಟೇ ಗಾಢ, ಆದರೆ ಸಪ್ಪೆ, ಮಣ್ಣಿನ ಹಾಗೆ. ಕಪ್ಪು ಎಳೆ ತಿಳಿಯಾಗುವಾಗ ತನ್ನ ಒಳಗಿನ ಬೆಚ್ಚನೆಯ ಛಾಯೆಯನ್ನು ತಾನೇ ತರುತ್ತದೆ, ಬಿಳಿ ಏನನ್ನೂ ತರುವುದಿಲ್ಲ. ಹಾಗಾದರೆ ಬಿಳಿಗೆ ಆ ಬೆಚ್ಚನೆಯನ್ನು ನಾನು ಕೊಡಬೇಕು, ಕಪ್ಪಿನಲ್ಲಿ ಏಳುವ ಕೆಂಪನ್ನು ನಾನು ತಗ್ಗಿಸಬೇಕು. ಎರಡು ಬಟ್ಟಲು ಬೇಕು ಅನ್ನುವುದು ಅಲ್ಲಿಗೆ ತೀರ್ಮಾನವಾಯಿತು.

ಕಣತಲೆ ಮತ್ತು ಹಣೆಯಂಚಿನ ಬಟ್ಟಲಿಗೆ 5.0 ಹದಿನೈದು ಗ್ರಾಂ, 5.3 ಐದು ಗ್ರಾಂ, 6% ಡೆವಲಪರ್ ಇಪ್ಪತ್ತು ಗ್ರಾಂ. ನೆತ್ತಿಯ ಬಟ್ಟಲಿಗೆ 5.0 ಇಪ್ಪತ್ತೈದು ಗ್ರಾಂ, 5.1 ಐದು ಗ್ರಾಂ, ಅದೇ ಡೆವಲಪರ್ ಮೂವತ್ತು ಗ್ರಾಂ. ತಕ್ಕಡಿಯಲ್ಲಿ ತೂಗಿಯೇ ಬೆರೆಸಿದೆ. ನಾನು ಬಳಸಿದ ಬಣ್ಣಕ್ಕೆ ಸಮಸಮ ಬೆರೆಸಬೇಕಿತ್ತು. ಕೆಲವು ಕಂಪನಿಗಳು ಡೆವಲಪರ್ ಒಂದೂವರೆ ಪಾಲು ಹೇಳುತ್ತವೆ, ಅಲ್ಲಿ ಅವರ ಅಳತೆಯನ್ನೇ ಹಿಡಿಯಬೇಕು. ಕಣ್ಣಳತೆಯಲ್ಲಿ ಡೆವಲಪರ್ ಜಾಸ್ತಿ ಸುರಿದರೆ ಮಿಶ್ರಣ ತೆಳ್ಳಗಾಗಿ ಬಿಳಿಯ ಮೇಲೆ ಬಣ್ಣ ಪಾರದರ್ಶಕವಾಗಿ ಉಳಿಯುತ್ತದೆ.

ಬಣ್ಣ ಹಚ್ಚುವ ಮೊದಲು ಕಣತಲೆಯ ಹೊಸ ಬಿಳಿ ಬುಡಕ್ಕೆ ಬರೀ 6% ಡೆವಲಪರನ್ನು ಹತ್ತಿಯಲ್ಲಿ ಒತ್ತಿ ಹತ್ತು ನಿಮಿಷ ಬಿಟ್ಟೆ. ಬಿಗಿಯಾದ ಹೆಂಚುಗಳು ಇದರಿಂದ ಸ್ವಲ್ಪ ಸಡಿಲವಾಗುತ್ತವೆ. ಆಮೇಲೆ ತೊಳೆಯದೆ, ಟಿಶ್ಯೂನಿಂದ ಒತ್ತಿ ತೆಗೆದು, ಡ್ರೈಯರ್‌ನಲ್ಲಿ ಕಡಿಮೆ ಬಿಸಿಯಲ್ಲಿ ಒಣಗಿಸಿದೆ. ಇದು ಬಿರುಸಾದ ಬಿಳಿಗೆ ಮಾತ್ರ. ಪಕ್ಕದ ಕಪ್ಪು ಎಳೆಗಳಿಗೆ ಹರಿದರೆ ಅವು ಸುಮ್ನೆ ತಿಳಿಯಾಗುತ್ತವೆ. ನೆತ್ತಿಗೆ ಇದು ಬೇಕಿರಲಿಲ್ಲ.

ಹಚ್ಚುವುದನ್ನು ಕಣತಲೆಯಿಂದ ಶುರು ಮಾಡಿದೆ, ಹಟಮಾರಿ ಕೂದಲಿಗೆ ಸಮಯ ಜಾಸ್ತಿ ಸಿಗಲಿ ಎಂದು. ಅರ್ಧ ಸೆಂಟಿಮೀಟರ್ ಅಗಲದ ಬೈತಲೆ ತೆಗೆಯುತ್ತಾ, ಬುಡ ಕಾಣದ ಹಾಗೆ ದಪ್ಪಗೆ ಹಚ್ಚಿದೆ. ಹಣೆಯಂಚಿನ ಗಿಡ್ಡ ಎಳೆಗಳು ಚರ್ಮಕ್ಕೆ ಅಂಟಿ ಮಲಗಿರುತ್ತವೆ. ಮೊದಲು ಬ್ರಷ್ ಅನ್ನು ಬೆಳೆಯುವ ದಿಕ್ಕಿಗೆ ಎದುರಾಗಿ ಎಳೆದು, ಆಮೇಲೆ ದಿಕ್ಕಿಗೆ ಸರಿಯಾಗಿ ಎಳೆದರೆ ಎರಡು ಬದಿಗೂ ಬಣ್ಣ ಸಿಗುತ್ತದೆ. ಹತ್ತು ನಿಮಿಷದ ನಂತರ ನೆತ್ತಿಯ ಬಟ್ಟಲು ಕಲಸಿದೆ. ಮೊದಲೇ ಕಲಸಿಟ್ಟರೆ ಬಟ್ಟಲಲ್ಲೇ ಅದರ ಶಕ್ತಿ ಮುಗಿಯುತ್ತದೆ. ಎರಡು ಮಿಶ್ರಣ ಸೇರುವ ಕಡೆ ನೇರ ಗೆರೆ ಬಾರದಂತೆ ಬೈತಲೆಯನ್ನು ಅಂಕುಡೊಂಕಾಗಿ ತೆಗೆದೆ. ಹಿಂದಿನ ಕೂದಲನ್ನು ಮುಟ್ಟಲೇ ಇಲ್ಲ. ಅಲ್ಲಿ ಬಿಳಿಯೇ ಇಲ್ಲ, ಒಳಗಿನ ಕೂದಲು ಒಂದು ಮೆಟ್ಟಿಲು ಗಾಢವಾಗಿದ್ದರೆ ಚೆನ್ನಾಗಿಯೇ ಕಾಣುತ್ತದೆ.

ಹೋದ ಸಲ ಹಳದಿಯಾಗಿದ್ದ ಉದ್ದ ಕೂದಲಿಗೆ ಈ ಮಿಶ್ರಣವನ್ನು ಮೊದಲೇ ಎಳೆಯಲಿಲ್ಲ. ಒಮ್ಮೆ ಬಣ್ಣ ಕಂಡ ಕೂದಲು ಸ್ಪಂಜಿನ ಹಾಗೆ ಹೀರಿ ಮಸಿಯಾಗುತ್ತದೆ. ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ನೆತ್ತಿಯ ಬಟ್ಟಲಿನ ಮಿಶ್ರಣವನ್ನು ಅಲ್ಲಿಗೆ ಹಚ್ಚಿದೆ. ಅದರಲ್ಲಿದ್ದ ಬೂದಿ ಛಾಯೆ ಹಳದಿಯನ್ನು ಇಳಿಸಿತು.

ಆಗಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು? ತಲೆಯ ಮೇಲಿನ ಪೇಸ್ಟ್ ಗಾಢವಾದರೆ ಆಯಿತು ಎಂದುಕೊಳ್ಳಬೇಡಿ. ಗಾಳಿಗೆ ಅದು ಹೇಗೂ ಕಪ್ಪಾಗುತ್ತದೆ. ನಾನು ಕಣತಲೆಯ ಸಣ್ಣ ಜುಟ್ಟನ್ನು ಒದ್ದೆ ಹತ್ತಿಯಿಂದ ಒರೆಸಿ, ಹಿಂದೆ ಬಿಳಿ ಟಿಶ್ಯೂ ಹಿಡಿದು ನೋಡುತ್ತೇನೆ. ಎಳೆ ಬಣ್ಣದ ಗಾಜಿನ ಹಾಗೆ ಕಂಡರೆ ಇನ್ನೂ ಆಗಿಲ್ಲ. 25 ನಿಮಿಷಕ್ಕೆ ನೋಡಿದಾಗ ಹಾಗೇ ಇತ್ತು. 35ಕ್ಕೆ ನೆತ್ತಿಯ ಎಳೆಯ ಪಕ್ಕದಲ್ಲಿ ಇಟ್ಟರೂ ಬೇರೆ ಕಾಣಲಿಲ್ಲ. ಆದರೂ ಐದು ನಿಮಿಷ ಬಿಟ್ಟೆ, ಪೊಟ್ಟಣದ ಮೇಲೆ ಹೇಳಿದ ಗರಿಷ್ಠ ಸಮಯ ಮೀರದಂತೆ. ಅವಸರದಲ್ಲಿ ತೊಳೆದ ಬಣ್ಣ ಬಿಳಿ ಎಳೆಯಿಂದಲೇ ಮೊದಲು ಹೋಗುತ್ತದೆ.

ಈ ವಿಧಾನ ಎಲ್ಲ ತಲೆಗೂ ಹೊಂದುವುದಿಲ್ಲ. ಮೊದಲೇ ಕಪ್ಪು ಬಣ್ಣ ಹಾಕಿಸಿಕೊಂಡವರ ಉದ್ದ ಕೂದಲನ್ನು 5ಕ್ಕೆ ತರಲು ಬಣ್ಣದಿಂದ ಆಗುವುದಿಲ್ಲ. ಹಾಕಿದ ಬಣ್ಣವನ್ನು ಇನ್ನೊಂದು ಬಣ್ಣ ತಿಳಿ ಮಾಡಲಾರದು. ಬಿಳಿ ಅರ್ಧಕ್ಕಿಂತ ಕಡಿಮೆ ಇದ್ದು, ಪೂರ್ತಿ ಮುಚ್ಚಲೇಬೇಕು ಅನ್ನದವರಿಗೆ ನಾನು ಡೆಮಿ-ಪರ್ಮನೆಂಟ್ ಅನ್ನೇ ಹೇಳುತ್ತೇನೆ. ಅದರ ಡೆವಲಪರ್ ಮೆದು, ಕಪ್ಪು ಎಳೆ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಬಿಳಿ ಎಳೆಗಳು ಮಾತ್ರ ತೆಳು ಕಂದಾಗಿ ನಡುನಡುವೆ ಬೆರೆಯುತ್ತವೆ. ತೊಳೆದಂತೆ ಅದು ಮಾಸುತ್ತದೆ, ಆದರೆ ಬುಡದಲ್ಲಿ ಎದ್ದು ಕಾಣುವ ಗೆರೆ ಬರುವುದಿಲ್ಲ.

ಅಕ್ಕನ ಎರಡು ಬಟ್ಟಲಿನ ಅಳತೆಯನ್ನು ಒಂದು ಕಾರ್ಡಿನಲ್ಲಿ ಬರೆದಿಟ್ಟಿದ್ದೇನೆ. ಐದು ವಾರಕ್ಕೊಮ್ಮೆ ಬುಡಕ್ಕೆ ಮಾತ್ರ ಹಚ್ಚುತ್ತೇನೆ. ಈಚೆಗೆ ನೆತ್ತಿಯಲ್ಲೂ ಬಿಳಿ ಅರ್ಧ ದಾಟಿದೆ. ಹೋದ ಸಲ ಅಲ್ಲಿನ ಬಣ್ಣ ಸ್ವಲ್ಪ ಸಪ್ಪೆಯಾಗಿ ಕಂಡಿತು. ತಿಳಿಯಾಗಿ ಕೆಂಪು ತರುವ ಕಪ್ಪು ಎಳೆಗಳು ಈಗ ಅಲ್ಲಿ ಕಡಿಮೆ ಅಲ್ವಾ? ಕಾರ್ಡಿನಲ್ಲಿ 5.1ರ ಐದು ಗ್ರಾಂ ಹೊಡೆದುಹಾಕಿ, 5.0 ಅನ್ನು ಮೂವತ್ತು ಮಾಡಿದ್ದೇನೆ.