ಹೊನಲು ಬೆಳಕಿನ ಕಬಡ್ಡಿ ಮುಗಿದ ಮೇಲೆ: ನಿದ್ದೆ, ಬಾವಿ ನೀರು ಮತ್ತು ಐಸ್ ಡ್ರಮ್

ನಮ್ಮ ಕರಾವಳಿಯಲ್ಲಿ ಕಬಡ್ಡಿ ಅಂದರೆ ರಾತ್ರಿಯ ಆಟ. ಮಳೆ ನಿಂತು ಗದ್ದೆ ಒಣಗಿದ ಮೇಲೆ ಶುರುವಾಗುವ ಹೊನಲು ಬೆಳಕಿನ ಪಂದ್ಯಾಟಗಳು ಮುಂದಿನ ಮಳೆಯವರೆಗೂ ನಡೆಯುತ್ತವೆ. ಉದ್ಘಾಟನೆ, ಸನ್ಮಾನ, ಭಾಷಣ ಎಲ್ಲ ಮುಗಿದು ಮೊದಲ ಸೀಟಿ ಊದುವಾಗ ಒಂಬತ್ತು ದಾಟಿರುತ್ತದೆ. ಫೈನಲ್ ತಲುಪಿದ ತಂಡ ಒಂದೇ ರಾತ್ರಿ ಮೂರು ನಾಲ್ಕು ಪಂದ್ಯ ಆಡಿ ಬೆಳಗಿನ ಜಾವ ಮನೆ ಸೇರುತ್ತದೆ. ಮರುದಿನ ಸಂಜೆ ಬೇರೆ ಊರು, ಬೇರೆ ಮ್ಯಾಟ್.

ನಾನು ಲೆಫ್ಟ್ ಕಾರ್ನರ್ ಆಡುವವನು. ಹುಡುಗರು ಮುಂದಿನ ಪಂದ್ಯಕ್ಕೆ ಸುಧಾರಿಸಿಕೊಳ್ಳುವಂತೆ ನೋಡಿಕೊಳ್ಳುವ ಕೆಲಸವೂ ತಂಡದಲ್ಲಿ ನನ್ನದೇ. ಪಂದ್ಯ ಮುಗಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಣ್ಣ, ನಾಳೆ ಐಸಿಗೆ ಇಳಿಯಬೇಕಾ?" ದೊಡ್ಡ ಆಟಗಾರರು ಐಸ್ ತುಂಬಿದ ಟಬ್ಬಿನಲ್ಲಿ ಕೂತ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ನಾನು ಐಸನ್ನು ಕೊನೆಗೆ ಇಡುತ್ತೇನೆ. ಹೋದ ಏಪ್ರಿಲಿನ ಒಂದು ಶನಿವಾರ-ಭಾನುವಾರವನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ಶನಿವಾರ ನಮ್ಮ ಫೈನಲ್ ಮುಗಿದಾಗ ಎರಡೂವರೆ. ಭಾನುವಾರ ರಾತ್ರಿ ಎಂಟಕ್ಕೆ ಇನ್ನೊಂದು ಕಡೆ ವರದಿ ಮಾಡಿಕೊಳ್ಳಬೇಕಿತ್ತು. ಕೊನೆಯ ಸೀಟಿ ಆದ ತಕ್ಷಣ ಯಾರನ್ನೂ ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ. ಮೈದಾನದ ಸುತ್ತ ಎಂಟು ಹತ್ತು ನಿಮಿಷ ನಿಧಾನ ನಡಿಗೆ. ಓಡಿ ಓಡಿ ತಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ತಿರುಗುತ್ತದೆ, ಕೆಲವರಿಗೆ ವಾಂತಿಯೂ ಬರುತ್ತದೆ. ನಡೆಸುವುದು ಅದಕ್ಕೆ. ಮರುದಿನದ ನೋವು ಇದರಿಂದ ಹೋಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. "ಲ್ಯಾಕ್ಟಿಕ್ ಆಸಿಡ್ ಇಳಿಸಬೇಕು" ಎನ್ನುವ ಮಾತು ಎಲ್ಲ ಮೈದಾನದಲ್ಲೂ ಕೇಳುತ್ತದೆ. ಆದರೆ ಅದು ಸುಮ್ನೆ ಕೂತರೂ ಗಂಟೆಯೊಳಗೆ ಹೆಚ್ಚುಕಡಿಮೆ ಇಳಿದಿರುತ್ತದೆ. ಎರಡನೇ ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿಯುವುದು ಬೇರೆ ಕಾರಣಕ್ಕೆ. ರೈಡಿನಲ್ಲಿ ನುಗ್ಗಿ ತಟ್ಟನೆ ನಿಲ್ಲುವಾಗ, ಹಿಂದಕ್ಕೆ ಜಿಗಿಯುವಾಗ ಸ್ನಾಯು ಬಿಗಿಯಾಗಿರುವಾಗಲೇ ಎಳೆದುಕೊಳ್ಳುತ್ತದೆ. ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಆ ನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ.

ನಡೆದಾದ ಮೇಲೆ ಮೈ ತಣಿಸುವುದು. ಏಪ್ರಿಲಿನ ರಾತ್ರಿ ನಮ್ಮಲ್ಲಿ ಗಾಳಿಯೇ ಒದ್ದೆ. ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈಯ ಬಿಸಿ ಹೋಗುವುದು. ಹಾಗಾಗಿ ಜೆರ್ಸಿ ತೆಗೆಸಿ, ತಲೆ, ಕುತ್ತಿಗೆ, ತೋಳಿನ ಮೇಲೆ ಬಾವಿ ನೀರು ಸುರಿದು ಪೆಡಸ್ಟಲ್ ಫ್ಯಾನಿನ ಎದುರು ನಿಲ್ಲಿಸುತ್ತೇನೆ. ಒದ್ದೆ ಮೈಗೆ ಗಾಳಿ ತಾಗಬೇಕು, ಇಲ್ಲದಿದ್ದರೆ ನೀರು ಸುರಿದೂ ಪ್ರಯೋಜನ ಕಮ್ಮಿ. ಹತ್ತು ನಿಮಿಷದಲ್ಲಿ ಮುಖದ ಕೆಂಪು ಇಳಿದು, ಮಾತು ಸರಾಗವಾಗಿ ಬಂದರೆ ಸಾಕು.

ಇಲ್ಲಿ ಒಂದು ವಿಷಯ ಎಲ್ಲ ತಂಡದವರಿಗೂ ಗೊತ್ತಿರಬೇಕು. ಆಡಿದವನು ತೊದಲಿದರೆ, ಸ್ಕೋರು ಕೇಳಿದರೆ ಸಂಬಂಧವಿಲ್ಲದ್ದು ಹೇಳಿದರೆ, ತೂರಾಡಿದರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್ ಇರಬಹುದು. ಬೆವರುತ್ತಿದ್ದರೂ ಇರಬಹುದು. ಆಗ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಕಾಯುತ್ತಾ ಕೂರದೆ, ಅಲ್ಲೇ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಬೇಕು. ಐಸ್ ಇದ್ದರೆ ಐಸ್ ಹಾಕಿ. ತಲೆಯನ್ನು ಒಬ್ಬರು ನೀರಿನ ಮೇಲೆ ಹಿಡಿದಿರಬೇಕು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಐಸ್ ನೀರಿನ ಬಗ್ಗೆ ವಾದವೇ ಇಲ್ಲದ ಉಪಯೋಗ ಇದೊಂದೇ. ಇಲ್ಲಿ ಅದು ಜೀವ ಉಳಿಸುತ್ತದೆ.

ಇನ್ನು ನಿದ್ದೆ. ನನ್ನ ಲೆಕ್ಕದಲ್ಲಿ ಉಳಿದದ್ದೆಲ್ಲ ಇದಕ್ಕೆ ದಾರಿ ಮಾಡಿಕೊಡಲು ಮಾತ್ರ. ರಾತ್ರಿ ಮೂರಕ್ಕೆ ಮನೆಗೆ ಬಂದವನಿಗೆ ಕಣ್ಣು ಉರಿಯುತ್ತದೆ, ನಿದ್ದೆ ಬರುವುದಿಲ್ಲ. ಮೈ ಇನ್ನೂ ಬಿಸಿ, ಎದೆ ಇನ್ನೂ ಜೋರು, ತಲೆಯಲ್ಲಿ ಕೊನೆಯ ರೈಡ್ ಓಡುತ್ತಿರುತ್ತದೆ. ಇದಕ್ಕೆ ತಯಾರಿ ಮೈದಾನದಲ್ಲೇ ಆಗಬೇಕು. ಆಯೋಜಕರು ಹನ್ನೊಂದು ಗಂಟೆಗೆ ಕೊಡುವ ಚಾ, ಕಾಫಿ ನಾನು ಬೇಡ ಅನ್ನುತ್ತೇನೆ. ಹನ್ನೊಂದಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ಪಾಲು ಬೆಳಗಿನ ಜಾವ ನಾಲ್ಕಕ್ಕೂ ಮೈಯಲ್ಲೇ ಇರುತ್ತದೆ.

ಮನೆಯಲ್ಲಿ ಸ್ನಾನ ಉಗುರು ಬೆಚ್ಚಗಿನ ನೀರಿನಲ್ಲಿ. ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ, ಸೆಕೆಯಲ್ಲಿ ಬಿಸಿನೀರಾ ಅಂತ ಕೇಳುತ್ತಾರೆ. ತೀರಾ ತಣ್ಣೀರು ಎಚ್ಚರ ಮಾಡಿಸುತ್ತದೆ. ಬೆಚ್ಚಗಿನ ನೀರಿಗೆ ಚರ್ಮದ ರಕ್ತನಾಳ ಹಿಗ್ಗಿ, ಒಳಗಿನ ಬಿಸಿ ಹೊರಗೆ ಬರುತ್ತದೆ. ಒಳಗಿನ ಬಿಸಿ ಇಳಿದಾಗಲೇ ನಿದ್ದೆ ಹತ್ತುವುದು. ಆಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಮೊಟ್ಟೆ ಅಥವಾ ಮೀನು. ನೀರು, ಉಪ್ಪು, ಅನ್ನ ಒಂದೇ ಬಟ್ಟಲಿನಲ್ಲಿ ಸಿಕ್ಕಿತಲ್ವಾ? ಆ ರಾತ್ರಿ ನಮ್ಮ ಮುಖ್ಯ ರೈಡರ್ ಆಟಕ್ಕೆ ಮುಂಚೆಗಿಂತ ಒಂದೂವರೆ ಕಿಲೋ ಕಮ್ಮಿ ತೂಗಿದ. ಕಳೆದುಕೊಂಡ ಒಂದು ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಲೆಕ್ಕ, ಅಂದರೆ ಅವನಿಗೆ ಎರಡು ಲೀಟರಿಗಿಂತ ಸ್ವಲ್ಪ ಮೇಲೆ. ಅದನ್ನು ಮಲಗುವ ಮುಂಚೆಯೇ ಕುಡಿದು ಮುಗಿಸಿದರೆ ಮೂತ್ರಕ್ಕೆ ಎದ್ದೆದ್ದು ನಿದ್ದೆ ಕೆಡುತ್ತದೆ. ಅರ್ಧ ಆಗ, ಅರ್ಧ ಎದ್ದ ಮೇಲೆ.

ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡಬೇಕು. ಪಂದ್ಯದ ಲೈವ್ ಯೂಟ್ಯೂಬಿನಲ್ಲಿ ಇದ್ದೇ ಇರುತ್ತದೆ, ಮಧ್ಯಾಹ್ನ ನೋಡಬಹುದು. ಆರು ಗಂಟೆಯ ಬಿಸಿಲು ಮುಖಕ್ಕೆ ಬೀಳದ ಹಾಗೆ ಕಿಟಕಿಗೆ ದಪ್ಪ ಹೊದಿಕೆ. ನಾಲ್ಕಕ್ಕೆ ಮಲಗಿದವರನ್ನು ಹತ್ತರವರೆಗೆ ಯಾರೂ ಎಬ್ಬಿಸಬೇಡಿ ಅಂತ ನಾನು ಮನೆಯವರಿಗೇ ಫೋನ್ ಮಾಡಿ ಹೇಳುತ್ತೇನೆ. ಭಾನುವಾರ ಬೆಳಿಗ್ಗೆ ತೋಟಕ್ಕೆ ನೀರು ಬಿಡು, ಪೇಟೆಗೆ ಹೋಗಿ ಬಾ ಅಂತ ಎಬ್ಬಿಸಿದರೆ ಬೇರೆ ಯಾವ ಉಪಾಯವೂ ಅದನ್ನು ತುಂಬಿಕೊಡುವುದಿಲ್ಲ. ಸಾಲದಿದ್ದರೆ ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಲಗಬಹುದು. ಹಿಂದಿನ ವಾರವೇ ದಿನಾ ಒಂದು ಗಂಟೆ ಜಾಸ್ತಿ ಮಲಗಿ ಬಂದವರು ಈ ರಾತ್ರಿಗಳನ್ನು ಚೆನ್ನಾಗಿ ತಡೆದುಕೊಳ್ಳುತ್ತಾರೆ. ಇದು ನಾನು ನಮ್ಮ ತಂಡದಲ್ಲಿ ಮತ್ತೆ ಮತ್ತೆ ನೋಡಿದ್ದು.

ಭಾನುವಾರ ಎದ್ದ ಮೇಲೆ ಇಪ್ಪತ್ತು ನಿಮಿಷ ಹಗುರ ಓಡಾಟ. ಪೂರ್ತಿ ವಾಕ್ಯ ಮಾತಾಡಿಕೊಂಡು ಮಾಡುವಷ್ಟು ಹಗುರ. ನಡಿಗೆ ಅಥವಾ ಸೈಕಲ್, ಪಾದ ತಿರುಗಿಸುವುದು, ಅರ್ಧ ಬಸ್ಕಿ. ಹಿಡಿದ ತೊಡೆಯನ್ನು ಜಗ್ಗಿ ಎಳೆಯುವುದು ಬೇಡ. ಬಿಗಿತ ಸಡಿಲ ಆಗುತ್ತದೆ, ಕೆಲವು ಗಂಟೆಗಳ ಮಟ್ಟಿಗೆ. ಸಂಜೆಯ ಆಟಕ್ಕೆ ಅಷ್ಟು ಸಾಕು.

ಆಮೇಲೆ ಗೋಡೆ. ನಮ್ಮ ಕ್ಲಬ್ಬಿನ ಹಿಂಬದಿ ಗೋಡೆಯಲ್ಲಿ ಎಲ್ಲರ ಹೆಸರಿನ ಪಕ್ಕ ಸೀಮೆಸುಣ್ಣದ ಗೆರೆ ಇದೆ. ದಣಿವಿಲ್ಲದ ದಿನ ನಿಂತಲ್ಲಿಂದ ಹಾರಿ ಬೆರಳು ತಾಗಿಸಿದ ಎತ್ತರ ಅದು. ಮೂರು ಸಲ ಹಾರಿದರೂ ಗೆರೆಯಿಂದ ಎರಡು ಬೆರಳು ಕೆಳಗೇ ಉಳಿದರೆ ಕಾಲು ಇನ್ನೂ ಸುಧಾರಿಸಿಲ್ಲ ಅಂತ ನಾನು ತಿಳಿಯುತ್ತೇನೆ. ಬಾಯಿಮಾತಿನಲ್ಲಿ ಎಲ್ಲರೂ "ಸರಿ ಇದ್ದೇನೆ" ಅನ್ನುತ್ತಾರೆ, ಆಡುವ ಆಸೆ ಹಾಗೆ. ಆ ಭಾನುವಾರ ನಮ್ಮ ರೈಡರ್ ಎರಡು ಬೆರಳಿಗಿಂತ ಕೆಳಗೇ ಉಳಿದ. ಮೊದಲ ಪಂದ್ಯದಲ್ಲಿ ಅವನಿಗೆ, ಎರಡು ರೈಡ್ ಖಾಲಿ ಹೋದ ಮೇಲೆ ಅಂಕ ತರಲೇಬೇಕಾದ ಡು ಆರ್ ಡೈ ರೈಡ್ ಮಾತ್ರ ಕೊಡುವುದು ಅಂತ ಕೋಚ್ ಜೊತೆ ಮಾತಾಡಿದೆ. ಐಸ್ ಡ್ರಮ್ಮಿಗೆ ಇಳಿಸಿದ್ದೂ ಅವನನ್ನೇ.

ಡ್ರಮ್ಮಿನ ಲೆಕ್ಕ ಹೀಗೆ. ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ನೂರಿಪ್ಪತ್ತು ಲೀಟರ್ ಬಾವಿ ನೀರು. ನಮ್ಮ ಬಾವಿ ನೀರು ಸುಮಾರು 28 ಡಿಗ್ರಿ. ಅದನ್ನು 15ಕ್ಕೆ ಇಳಿಸಲು ಲೆಕ್ಕದ ಪ್ರಕಾರ ಹದಿನಾರು ಹದಿನೇಳು ಕಿಲೋ ಐಸ್ ಬೇಕು. ಸೆಕೆಗೆ, ಡ್ರಮ್ಮಿಗೆ, ಮೈಯ ಬಿಸಿಗೆ ಒಂದಿಷ್ಟು ಕರಗಿ ಹೋಗುವುದರಿಂದ ಇಪ್ಪತ್ತು ಕಿಲೋ ತರುತ್ತೇವೆ. ಅಂಗಡಿಯಿಂದ ಎರಡು ಚೀಲ ತಂದು ಹಾಕಿದರೆ ನೀರು ತಣ್ಣಗೆ ಅನಿಸುತ್ತದೆ ಅಷ್ಟೆ, ಥರ್ಮಾಮೀಟರ್ 22 ತೋರಿಸುತ್ತದೆ. ಮೀನಿನ ತೊಟ್ಟಿಗೆ ಹಾಕುವ ಥರ್ಮಾಮೀಟರ್ ಇದಕ್ಕೆ ಸಾಕು. ಸೊಂಟದವರೆಗೆ, ಹತ್ತು ನಿಮಿಷ, ಪಕ್ಕದಲ್ಲಿ ಒಬ್ಬರು ಇರಲೇಬೇಕು. 10 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಸಂಜೆಯ ಆಟಕ್ಕೂ ಡ್ರಮ್ಮಿಗೂ ನಡುವೆ ನಾಲ್ಕೈದು ಗಂಟೆ ಬಿಡುತ್ತೇವೆ, ತಣ್ಣಗಾದ ಕಾಲಿನಲ್ಲಿ ಚುರುಕು ಇರುವುದಿಲ್ಲ.

ನಮ್ಮ ಊರಿನಲ್ಲಿ ದೊಡ್ಡ ಐಸ್ ಸಿಗುವುದು ಮೀನಿಗೆ ಐಸ್ ಮಾಡುವ ಕಾರ್ಖಾನೆಯಲ್ಲಿ. ಅದು ಕುಡಿಯುವ ನೀರಿನದ್ದು ಅಂತ ನಂಬುವ ಹಾಗಿಲ್ಲ. ಮೊಣಕಾಲು, ಮೊಣಕೈ ಮ್ಯಾಟಿಗೆ ಉಜ್ಜಿ ಚರ್ಮ ಕಿತ್ತವರನ್ನು ನಾನು ಇಳಿಸುವುದೇ ಇಲ್ಲ. ಬಿಪಿ, ಹೃದಯದ ತೊಂದರೆ ಇರುವವರಿಗೂ ಇಲ್ಲ. ತಟ್ಟನೆ ತಣ್ಣೀರಿಗೆ ಇಳಿದಾಗ ಉಸಿರು ಸಿಕ್ಕಿಕೊಂಡು ಬಿಪಿ ಏರುತ್ತದೆ, ಎದೆಬಡಿತ ತಪ್ಪಬಹುದು.

ಇಷ್ಟೆಲ್ಲ ಮಾಡಿ ಸಿಗುವುದೇನು? ನೋವು ಸ್ವಲ್ಪ ಕಮ್ಮಿ ಅನಿಸುತ್ತದೆ. ಇದು ನಿಜ, ಸುಮಾರು ಅಧ್ಯಯನಗಳಲ್ಲೂ ಬಂದಿದೆ. ಸ್ನಾಯು ಬೇಗ ರಿಪೇರಿ ಆಗುತ್ತದೆ ಎನ್ನುವುದಕ್ಕೆ ಅಂಥ ಆಧಾರ ಇಲ್ಲ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವರನ್ನು 10 ಡಿಗ್ರಿ ನೀರಿಗೆ ಇಳಿಸಿದರು. ಇನ್ನು ಕೆಲವರಿಗೆ ಬೆಚ್ಚಗಿನ ನೀರಿಗೆ ಮೈ ತೊಳೆಯುವ ದ್ರವ ಹಾಕಿ, ಇದು ದಣಿವು ಇಳಿಸುವ ವಿಶೇಷ ಎಣ್ಣೆ ಅಂದರು. ಇಬ್ಬರ ಕಾಲಿನ ಬಲವೂ ಹೆಚ್ಚುಕಡಿಮೆ ಒಂದೇ ಥರ ವಾಪಸು ಬಂತು. ಹಾಗಂತ ನಮ್ಮ ರೈಡರನಿಗೆ ಸಿಕ್ಕ ಹಗುರ ಸುಳ್ಳಲ್ಲ. ಅವತ್ತೇ ರಾತ್ರಿ ಆಡಬೇಕಾದವನಿಗೆ ಆ ಹಗುರವೂ ಬೇಕು. ನಿದ್ದೆ ಬಿಟ್ಟು ಡ್ರಮ್ಮಿಗೆ ಬಾ ಅಂತ ಮಾತ್ರ ಯಾರನ್ನೂ ಕರೆಯುವುದಿಲ್ಲ.

ಮಳೆಗಾಲದಲ್ಲಿ ಡ್ರಮ್ ಪೂರ್ತಿ ಬಂದ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಜಿಮ್ಮಿನ ಕಾಲ, ತೊಡೆಗೆ, ಸೊಂಟಕ್ಕೆ ಬಲ ಕಟ್ಟುವ ಕಾಲ. 2015ರಲ್ಲಿ ಬಂದ ಇನ್ನೊಂದು ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಹನ್ನೆರಡು ವಾರ ಪ್ರತಿ ಸಲ ತೂಕ ಎತ್ತಿದ ಮೇಲೆ ಹತ್ತು ನಿಮಿಷ ಸುಮಾರು 10 ಡಿಗ್ರಿ ನೀರಿನಲ್ಲಿ ಕೂತವರಿಗೆ, ಹಗುರವಾಗಿ ಸೈಕಲ್ ತುಳಿದವರಿಗಿಂತ ಸ್ನಾಯುವೂ ಬಲವೂ ಕಮ್ಮಿ ಬೆಳೆದಿತ್ತು. ಸ್ನಾಯುವನ್ನು ಬೆಳೆಸುವ ಒಳಗಿನ ಕೆಲಸವನ್ನೇ ತಣ್ಣೀರು ತಗ್ಗಿಸುತ್ತದೆ. ಜುಲೈಯಲ್ಲಿ ಸ್ಕ್ವಾಟ್ ಮುಗಿಸಿ "ಐಸ್ ತರಲಾ ಅಣ್ಣ?" ಅಂತ ಕೇಳಿದವನಿಗೆ ನನ್ನ ಉತ್ತರ: "ಬೇಡ ಮಾರಾಯ, ಊಟ ಮಾಡಿ ಮಲಗು."