ಡೈಮಂಡ್ ಮುಚ್ಚಿ ಫಾರೆಸ್ಟ್ ಪ್ಲಾಟ್ ಓದಿದ್ದು: ನನ್ನ ಅನುಭವ

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಹಲವು ಟ್ರಯಲ್‌ಗಳ ಫಲಿತಾಂಶ ಒಟ್ಟುಗೂಡಿಸುವಾಗ, ಅವುಗಳ ನಡುವಿನ ಏರಿಳಿತದಲ್ಲಿ ಆಕಸ್ಮಿಕವಲ್ಲದ್ದು ಶೇಕಡಾ ಎಷ್ಟು ಅಂತ ಹೇಳುವ I² 50 ದಾಟಿದರೆ, ಪರಿಣಾಮ ಟ್ರಯಲ್‌ಗೊಂದು ಥರ ಇರಬಹುದು ಅನ್ನುವ ರ್‍ಯಾಂಡಮ್ ಎಫೆಕ್ಟ್ಸ್, ದಾಟದಿದ್ದರೆ ಎಲ್ಲದಕ್ಕೂ ಪರಿಣಾಮ ಒಂದೇ ಅನ್ನುವ ಫಿಕ್ಸೆಡ್. ಬಟನ್ ಒತ್ತು, ಟ್ರಯಲ್‌ಗೊಂದು ಸಾಲು ಇರುವ ಫಾರೆಸ್ಟ್ ಪ್ಲಾಟ್‌ನ ಕೆಳಗೆ ಒಟ್ಟು ಉತ್ತರ ತೋರಿಸುವ ಡೈಮಂಡ್ ನೋಡು, ವರದಿ ಬರೆ. ಹಾಗೆ ಮಾಡಬಾರದು ಅಂತ ನಾನು ಹೇಳಿದಾಗ ನಕ್ಕವರೇ ಜಾಸ್ತಿ. ಈಗ ಅವರೇ ತಮ್ಮ ಪ್ಲಾಟ್ ತಂದು ನನ್ನ ಮುಂದೆ ಇಡುತ್ತಾರೆ, ಅದು ಬೇರೆ ವಿಷಯ.

ವಾದ ಗೆಲ್ಲಿಸಿಕೊಟ್ಟಿದ್ದು ಒಂದು ಹಳೆಯ ಕೇಸು. ಹಾರ್ಟ್ ಅಟ್ಯಾಕ್ ಆದವರಿಗೆ ರಕ್ತನಾಳದ ಮೂಲಕ ಮೆಗ್ನೀಸಿಯಂ ಕೊಟ್ಟರೆ ಸಾವು ಕಡಿಮೆ ಆಗುತ್ತದೆಯೇ ಅನ್ನುವ ಪ್ರಶ್ನೆ. 1980ರ ದಶಕದ ಏಳು ಸಣ್ಣ ಟ್ರಯಲ್‌ಗಳು, 1992ರ ಲಿಮಿಟ್-2, 1995ರ ಐಸಿಸ್-4. ಏಳೂ ಸೇರಿ ರೋಗಿಗಳು 1,301. ಐಸಿಸ್-4 ಒಂದರಲ್ಲೇ 58 ಸಾವಿರ.

ಆ ಸಣ್ಣ ಟ್ರಯಲ್‌ಗಳ ಮೂಲ ಲೇಖನ ದುಡ್ಡು ಕೊಟ್ಟೇ ತರಿಸಬೇಕಿತ್ತು. ಒಂದೊಂದಕ್ಕೂ ಬೇರೆ ಬೇರೆ ಬಿಲ್ಲು. 48 ಜನರ ಟ್ರಯಲ್‌ಗೆ ಇಷ್ಟು ಖರ್ಚು ಯಾಕೆ ಅಂತ ತಂಡದಲ್ಲಿ ಗೊಣಗಾಟ ಶುರುವಾಯಿತು. ಇತ್ತ ಪ್ರತಿ ವರ್ಷ ಹಣ ಕಟ್ಟುವ ಒಂದು ಸಾಫ್ಟ್‌ವೇರ್ ಬೇರೆ ಇತ್ತು. ಬಣ್ಣಬಣ್ಣದ ಪ್ಲಾಟ್ ಕೊಡುತ್ತಿತ್ತು, ಒಟ್ಟು ಉತ್ತರದಲ್ಲಿ ಯಾವ ಟ್ರಯಲ್‌ನ ಪಾಲು ಎಷ್ಟು ಅನ್ನುವ ತೂಕದ ಕಾಲಂ ಮಾತ್ರ ನಾವಾಗಿಯೇ ಕೇಳದಿದ್ದರೆ ತೋರಿಸುತ್ತಿರಲಿಲ್ಲ. ಅದನ್ನು ಬಿಟ್ಟು ಉಚಿತವಾದ ಆರ್ ಪ್ರೋಗ್ರಾಮಿಂಗ್ ಭಾಷೆಗೆ ಬಂದೆ.

```r
library(metafor)
d <- data.frame(
  ai=c(1,9,2,1,10,1,1,90,2216),
  n1=c(40,135,200,48,150,59,25,1159,29011),
  ci=c(2,23,7,1,8,9,3,118,2103),
  n2=c(36,135,200,46,148,56,23,1157,29039))
f <- rma(measure="OR", ai=ai, n1i=n1, ci=ci,
         n2i=n2, data=d, method="FE")
r <- rma(measure="OR", ai=ai, n1i=n1, ci=ci,
         n2i=n2, data=d, method="DL")
weights(f); weights(r)
```

ಎಂಟನೇ ಸಾಲು ಲಿಮಿಟ್-2, ಒಂಬತ್ತನೆಯದು ಐಸಿಸ್-4. ಪ್ಲಾಟ್ ತೆಗೆದು ಡೈಮಂಡ್ ಮೇಲೆ ಒಂದು ಚೀಟಿ ಇಟ್ಟೆ. ನಿಜವಾಗಿಯೂ ಕಾಗದದ ಚೀಟಿ. ಆಮೇಲೆ ಸಾಲುಗಳನ್ನು ದೊಡ್ಡ ಟ್ರಯಲ್‌ನಿಂದ ಸಣ್ಣದಕ್ಕೆ ಜೋಡಿಸಿದೆ. 1ಕ್ಕಿಂತ ಕಡಿಮೆ ಇದ್ದರೆ ಲಾಭ ಅಂತ ಹೇಳುವ ಆಡ್ಸ್ ರೇಷಿಯೊ ಐಸಿಸ್-4ರಲ್ಲಿ 1.06, ಅನಿಶ್ಚಿತತೆ ತೋರಿಸುವ ಗೆರೆ ಕಂಡೂ ಕಾಣದಷ್ಟು ಸಣ್ಣದು. ಲಿಮಿಟ್-2ರದ್ದು 0.74. ಅದರ ಕೆಳಗೆ 0.28, 0.35, 0.09 ಅಂತ ಚೌಕಗಳು ಎಡಕ್ಕೆ ಜಾರಿವೆ. ಎಲ್ಲವೂ ಅಲ್ಲ. 298 ಜನರ ಒಂದು ಟ್ರಯಲ್ 1.25ರಲ್ಲಿ ನಿಂತಿದೆ, ಇನ್ನೊಂದು ಹೆಚ್ಚುಕಮ್ಮಿ 1ರ ಮೇಲೇ ಇದೆ. ಆದರೂ ಒಟ್ಟು ಓರೆ ಕಣ್ಣಿಗೆ ಹೊಡೆಯುತ್ತದೆ. ಟ್ರಯಲ್ ಸಣ್ಣದಾದಷ್ಟೂ ಲಾಭ ದೊಡ್ಡದು. ಇದು ಔಷಧಿಯ ಗುಣ ಇರಲಾರದು. ನೆಗೆಟಿವ್ ಬಂದ ಸಣ್ಣ ಟ್ರಯಲ್‌ಗಳು ಪ್ರಕಟವಾಗದೇ ಉಳಿದಿರಬಹುದು, ಇಲ್ಲವೇ ಪ್ರಕಟವಾದವನ್ನು ನಡೆಸಿದ ರೀತಿಯೇ ಸಡಿಲ ಇದ್ದಿರಬಹುದು.

ಈಗ ಚೀಟಿ ತೆಗೆದೆ. ಫಿಕ್ಸೆಡ್‌ನಲ್ಲಿ 1.03. ರ್‍ಯಾಂಡಮ್‌ನಲ್ಲಿ 0.68, ಗೆರೆ 0.46ರಿಂದ 1.01. ಒಂದೇ ಡೇಟಾ, ಒಂದು ಡೈಮಂಡ್ ಲಾಭ ಇಲ್ಲ ಅನ್ನುತ್ತದೆ, ಇನ್ನೊಂದು ಮೂರನೇ ಒಂದು ಭಾಗ ಕಡಿಮೆ ಅನ್ನುತ್ತದೆ. ಕಾರಣ ತೂಕದ ಕಾಲಂನಲ್ಲಿದೆ. ಫಿಕ್ಸೆಡ್‌ನಲ್ಲಿ ಐಸಿಸ್-4ರ ಪಾಲು ಸುಮಾರು 94%, ಏಳು ಸಣ್ಣವಕ್ಕೆ ಒಟ್ಟು ಒಂದೂ ಚಿಲ್ಲರೆ ಪರ್ಸೆಂಟ್. ರ್‍ಯಾಂಡಮ್‌ನಲ್ಲಿ ಐಸಿಸ್-4 ಸುಮಾರು 32%ಕ್ಕೆ ಇಳಿದು, ಸಣ್ಣ ಏಳು 40% ಹತ್ತಿರ ಹೋಗುತ್ತವೆ. 1,301 ಜನರ ಮಾತು 58 ಸಾವಿರ ಜನರ ಮಾತಿಗಿಂತ ಭಾರ! ಆ ಬಿಲ್ಲುಗಳ ಬಗ್ಗೆ ಗೊಣಗಿದವರಿಗೆ ಈ ಕಾಲಂ ತೋರಿಸಿದೆ. ಮತ್ತೆ ಯಾರೂ ಮಾತಾಡಲಿಲ್ಲ.

'I² 64 ಬಂದಿದೆ, ಅಂದಮೇಲೆ ರ್‍ಯಾಂಡಮ್ ಸರಿ ತಾನೇ?' ಅಂತ ಹಿರಿಯರೊಬ್ಬರು ಪಟ್ಟು ಹಿಡಿದರು. ಆಗ ಒಂದು ತಮಾಷೆ ಪ್ರಯೋಗ ಮಾಡಿದೆ. ಐಸಿಸ್-4ರ ಸಾಲನ್ನು 20 ಸಮ ತುಂಡು ಮಾಡಿ, ಪ್ರತಿ ತುಂಡಿಗೂ 20ನೇ ಒಂದು ಭಾಗದ ಸಾವು, 20ನೇ ಒಂದು ಭಾಗದ ರೋಗಿಗಳನ್ನು ಕೊಟ್ಟೆ. ದಶಮಾಂಶ ಬರುತ್ತದೆ, ಬರಲಿ. ಸತ್ತವರೂ ಅವರೇ, ಬದುಕಿದವರೂ ಅವರೇ. I² ಲೆಕ್ಕಕ್ಕೆ ಆಧಾರವಾದ ಕ್ಯೂ ಬದಲಾಗಲಿಲ್ಲ, ಸುಮಾರು 22ರಲ್ಲೇ ನಿಂತಿತು. ಆದರೆ ಸಾಲುಗಳ ಸಂಖ್ಯೆಗಿಂತ ಒಂದು ಕಡಿಮೆ ಇರುವ ಡಿಗ್ರೀಸ್ ಆಫ್ ಫ್ರೀಡಂ 8 ಇದ್ದದ್ದು 27 ಆಯಿತು. ಕ್ಯೂ ಅದಕ್ಕಿಂತ ಕಡಿಮೆ ಇರುವುದರಿಂದ I² 64ರಿಂದ ನೇರ ಸೊನ್ನೆಗೆ ಬಿತ್ತು. ರ್‍ಯಾಂಡಮ್ ಡೈಮಂಡ್ 0.68 ಬಿಟ್ಟು 1.03ಕ್ಕೆ ಬಂತು. ನಿಜವಾದ 20 ಟ್ರಯಲ್ ಆಗಿದ್ದರೆ ತುಂಡುಗಳ ನಡುವೆ ಆಕಸ್ಮಿಕ ಏರಿಳಿತ ಇರುತ್ತಿತ್ತು, I² ಪೂರ್ತಿ ಸೊನ್ನೆ ಆಗುತ್ತಿರಲಿಲ್ಲ. ಒಪ್ಪುತ್ತೇನೆ. ಆದರೂ ರೋಗಿಗಳನ್ನು ಮುಟ್ಟದೆ ಬರೀ ಸಾಲು ಕತ್ತರಿಸಿದರೆ ಅಲ್ಲಾಡುವ ಸಂಖ್ಯೆಯನ್ನು ನಂಬಿ ಮಾಡೆಲ್ ಆರಿಸುವುದು ಹೇಗೆ?

ಇದರ ಉಲ್ಟಾ ಕೂಡ ನೋಡಿ. ಬರೀ ಏಳು ಸಣ್ಣ ಟ್ರಯಲ್ ಹಾಕಿದರೆ I² ಸುಮಾರು 23, ಡೈಮಂಡ್ 0.47 ಆಸುಪಾಸು. 'ಹೆಟರೋಜಿನಿಟಿ ಕಡಿಮೆ, ಎಲ್ಲ ಟ್ರಯಲ್‌ಗೂ ಒಮ್ಮತ ಇದೆ' ಅಂತ ಬರೆಯಲು ಯಾರಿಗಾದರೂ ಆಸೆಯಾಗುತ್ತದೆ. ಒಮ್ಮತ ಎಲ್ಲಿದೆ? ಒಂದು 0.09, ಇನ್ನೊಂದು 1.25. ಗೆರೆಗಳು ಅಷ್ಟು ಉದ್ದ ಇರುವುದರಿಂದ ಜಗಳ ಕಾಣುತ್ತಿಲ್ಲ, ಅಷ್ಟೇ. ಹಾಗಾಗಿ ನಾನು I² ಪಕ್ಕದಲ್ಲಿ ಪ್ರೆಡಿಕ್ಷನ್ ಇಂಟರ್ವಲ್ ಹಾಕಿಯೇ ಹಾಕುತ್ತೇನೆ. ಒಂಬತ್ತೂ ಸಾಲು ಸೇರಿಸಿ ಟಿ ಹಂಚಿಕೆಯಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 0.26ರಿಂದ 1.8. ಮುಂದಿನ ಟ್ರಯಲ್ ಭಾರಿ ಲಾಭ ತೋರಿಸಬಹುದು, ಭಾರಿ ಹಾನಿಯನ್ನೂ ತೋರಿಸಬಹುದು ಅಂತ ಅರ್ಥ. 0.68 ನೋಡಿ ಖುಷಿಪಟ್ಟವರಿಗೆ ಇದನ್ನು ತೋರಿಸಿ.

ವ್ಯತ್ಯಾಸಕ್ಕೆ ಕಾರಣ ಹುಡುಕುವ ಕೆಲಸದಲ್ಲಿ ನಾವು ತುಂಬಾ ಸಮಯ ಕಳೆದೆವು. ಮೆಟಾ ರಿಗ್ರೆಶನ್ ಹಾಕಿ ನೋಡಿದೆವು. ಒಂಬತ್ತು ಸಾಲಿಗೆ ಅದು ನಿಲ್ಲುವುದಿಲ್ಲ, ಒಂದು ಸಾಲು ತೆಗೆದರೆ ಉತ್ತರವೇ ಬೇರೆ. ಸಬ್‌ಗ್ರೂಪ್ ಮಾಡಿದರೆ ಐಸಿಸ್-4 ಯಾವ ಕಡೆ ಹೋಗುತ್ತದೋ ಆ ಕಡೆ ಸೊನ್ನೆ ಲಾಭ, ಅಷ್ಟೇ ಗೊತ್ತಾಗುವುದು. ಸಮಯದ ವಾದ ಮಾತ್ರ ಕೇಳಲು ಚೆನ್ನಾಗಿತ್ತು. ಲಿಮಿಟ್-2ರಲ್ಲಿ ಮೆಗ್ನೀಸಿಯಂ ಬೇಗ, ರಕ್ತದ ಗಡ್ಡೆ ಕರಗಿಸುವ ಔಷಧಿಗೆ ಮೊದಲೇ ಕೊಟ್ಟಿದ್ದರು. ಐಸಿಸ್-4ರಲ್ಲಿ ಅದು ಸಾಮಾನ್ಯವಾಗಿ ಆಮೇಲೆ ಹೋಯಿತು. ಹಾಗಾಗಿ ಲಾಭ ತಪ್ಪಿತು ಅಂತ ವಾದ. ಇಂಥ ಕಥೆ ಫಲಿತಾಂಶ ನೋಡಿದ ಮೇಲೆ ಹುಟ್ಟುತ್ತದೆ, ಅದಕ್ಕೇ ನನಗೆ ಅನುಮಾನ.

ಅದೃಷ್ಟಕ್ಕೆ ಈ ಕಥೆಯನ್ನು ನಿಜವಾಗಿಯೂ ಪರೀಕ್ಷೆ ಮಾಡಿದ್ದಾರೆ. 2002ರ ಮ್ಯಾಜಿಕ್ ಟ್ರಯಲ್‌ನಲ್ಲಿ 6,213 ರೋಗಿಗಳು, ಮೆಗ್ನೀಸಿಯಂ ಬೇಗನೇ ಕೊಟ್ಟರು. ಸಾವು 15.3%, ಪ್ಲಾಸಿಬೊದಲ್ಲಿ 15.2%. ಆ ಸಾಲನ್ನೂ ಸೇರಿಸಿ ಓಡಿಸಿದೆ. I² 64ರಿಂದ 60ಕ್ಕೆ, ಅಂದರೆ ಬದಲಾಗಿಲ್ಲ ಅಂತಲೇ ಅನ್ನಬಹುದು. ಆದರೆ ಟ್ರಯಲ್‌ಗಳ ನಡುವಿನ ವ್ಯತ್ಯಾಸದ ಗಾತ್ರ ಹೇಳುವ ಟೌ ಸ್ಕ್ವೇರ್ 0.12ರಿಂದ 0.03ಕ್ಕೆ ಕುಸಿದು, ರ್‍ಯಾಂಡಮ್ ಡೈಮಂಡ್ 0.68ರಿಂದ 0.86ಕ್ಕೆ ಸರಿಯಿತು. ಪಟ್ಟು ಹಿಡಿದಿದ್ದ ಹಿರಿಯರು ಸುಮ್ನೆ ಆಗಿದ್ದು ಈ ಎರಡು ಫಲಿತಾಂಶ ಅಕ್ಕಪಕ್ಕ ನೋಡಿದಾಗ.

ಸಾಲು ಜೋಡಿಸುವ ಇನ್ನೊಂದು ಕ್ರಮ ಇದೆ, ಓರೆ ಇನ್ನೂ ಬೇಗ ಕಾಣುತ್ತದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಮ್ಮ ವರದಿಯಲ್ಲಿ ಕೊನೆಗೆ ಒಟ್ಟು ಡೈಮಂಡ್ ಹಾಕಲೇ ಇಲ್ಲ. ದೊಡ್ಡ ಎರಡು ಟ್ರಯಲ್ ಮೇಲೆ, ಉಳಿದವು ಕೆಳಗೆ, ಎರಡೂ ಮಾಡೆಲ್‌ಗಳ ತೂಕ ಬಲಗಡೆ. ವಿಮರ್ಶೆಗೆ ಕುಳಿತವರು ಡೈಮಂಡ್ ಎಲ್ಲಿ ಅಂತ ಕೇಳಿದರು. ತೂಕದ ಕಾಲಂ ನೋಡಿ ಅಂದೆ, ಹಾಗೇ ಪಾಸ್ ಮಾಡಿದರು.